ಕೊಠಡಿ 214ರ ಸೀಲಿಂಗ್ ಫ್ಯಾನ್ ರಿಪೇರಿ ಮಾಡಿಸಿಕೊಡುವಂತೆ ವಾರ್ಡನ್ ಅವರಿಗೆ ಪತ್ರ

ಇವರಿಂದ:
ಕೊಠಡಿ 214ರ ವಿದ್ಯಾರ್ಥಿನಿ
ಎರಡನೇ ಮಹಡಿ

ಇವರಿಗೆ:
ವಾರ್ಡನ್ ಅವರು
ಮಹಿಳಾ ಹಾಸ್ಟೆಲ್

ದಿನಾಂಕ: 11-03-2025

ವಿಷಯ: ಕಿಡಿ ಹಾರಿ ನಿಂತುಹೋಗುವ ಸೀಲಿಂಗ್ ಫ್ಯಾನನ್ನು ಮೇಲಿನ ಕಪ್ ಬಿಚ್ಚಿಸಿ ರಿಪೇರಿ ಮಾಡಿಸುವ ಬಗ್ಗೆ

ಮಾನ್ಯ ಮೇಡಂ,

ನಮಸ್ಕಾರ. ನಮ್ಮ ಕೊಠಡಿಯ ಫ್ಯಾನ್ ನಿನ್ನೆ ರಾತ್ರಿ ಮತ್ತೆ ಕಿಡಿ ಹಾರಿಸಿ ನಿಂತಿತು. ಮೂರು ವಾರದಲ್ಲಿ ಇದು ಮೂರನೇ ಸಲ. ಈಗ ಅದನ್ನು ಪೂರ್ತಿ ಆಫ್ ಮಾಡಿದ್ದೇವೆ. ಯಾರೂ ಮರೆತು ಹಾಕಬಾರದು ಅಂತ ಸ್ವಿಚ್ ಮೇಲೆ ಚೀಟಿ ಅಂಟಿಸಿದ್ದೇವೆ. ಹಿಂದಿನ ಎರಡು ಸಲ ಕಂಪ್ಲೇಂಟ್ ಪುಸ್ತಕದಲ್ಲಿ ಒಂದೊಂದೇ ಸಾಲು ಬರೆದಿದ್ದೆ. ಒಂದು ಸಾಲಿನಲ್ಲಿ ಇದನ್ನು ಸರಿಯಾಗಿ ಹೇಳಲು ಆಗಲಿಲ್ಲ ಅನ್ನಿಸಿತು. ಅದಕ್ಕೇ ಈ ಪತ್ರ.

ನಿನ್ನೆ ರಾತ್ರಿ 11.20 ಇರಬಹುದು. ಮೂವರೂ ಓದುತ್ತಾ ಕೂತಿದ್ದೆವು. ಮೊದಲು ಮೇಲಿನಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು ಬಂತು. ತಲೆ ಎತ್ತಿ ನೋಡುವಷ್ಟರಲ್ಲಿ ಚಾವಣಿಗೂ ಫ್ಯಾನಿನ ಮೇಲಿನ ಕಪ್ಪಿಗೂ ನಡುವಿನ ಸಂದಿಯಲ್ಲಿ ನೀಲಿ ಬಣ್ಣದ ಬೆಳಕು ಎರಡು ಸಲ ಮಿಂಚಿತು. ರೆಕ್ಕೆಗಳು ನಿಧಾನವಾಗುತ್ತಾ ಬಂದು ನಿಂತವು. ವೈರ್ ಸುಟ್ಟ ವಾಸನೆ ಬಂತು. ನಾನು ಎದ್ದು ಸ್ವಿಚ್ ಹತ್ತಿರ ಹೋಗುವ ಮೊದಲೇ ಫ್ಯಾನ್ ತಾನಾಗಿಯೇ ಮತ್ತೆ ತಿರುಗಲು ಶುರುವಾಯಿತು. ನಿಜ ಹೇಳಬೇಕೆಂದರೆ, ಕಿಡಿಗಿಂತ ನಮಗೆ ಜಾಸ್ತಿ ಹೆದರಿಕೆ ಆಗಿದ್ದು ಅದಕ್ಕೇ. ನಾವು ನಿದ್ದೆಯಲ್ಲಿ ಇದ್ದಿದ್ದರೆ ಅದು ರಾತ್ರಿಯಿಡೀ ಹೀಗೇ ನಿಂತು, ಹೊತ್ತಿ, ತಿರುಗಿ ಮಾಡುತ್ತಾ ಇರುತ್ತಿತ್ತು, ಅಲ್ವಾ?

ಬೆಳಿಗ್ಗೆ ಮಧ್ಯದ ಮಂಚದ ಹಾಸಿಗೆ ಕೊಡವುವಾಗ ಬೆಡ್‌ಶೀಟ್ ಮೇಲೆ ಕಪ್ಪು ಚೂರುಗಳು ಸಿಕ್ಕವು. ಒಂದು ಚೂರು ಬೆರಳುಗುರಿನಷ್ಟು ಉದ್ದ ಇದೆ. ಒಳಗೆ ಟೊಳ್ಳು, ಕೊಳವೆಯ ಹಾಗೆ. ಒಂದು ಕಡೆ ಇನ್ನೂ ಕೆಂಪು ಬಣ್ಣ ಕಾಣುತ್ತದೆ, ಇನ್ನೊಂದು ಕಡೆ ಇದ್ದಿಲಿನ ಹಾಗಾಗಿದೆ. ಮುಟ್ಟಿದರೆ ಪುಡಿಯಾಗುತ್ತದೆ. ಅದು ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ. ಅದನ್ನು ಕಾಗದದಲ್ಲಿ ಮಡಚಿ ಈ ಪತ್ರದ ಜೊತೆ ಪಿನ್ ಮಾಡಿದ್ದೇನೆ. ದಯವಿಟ್ಟು ಎಲೆಕ್ಟ್ರಿಷಿಯನ್ ಅಣ್ಣನಿಗೆ ತೋರಿಸಿ. ಕಪ್ಪಿನ ಸುತ್ತ ಚಾವಣಿಯ ಬಿಳಿ ಬಣ್ಣದ ಮೇಲೂ ಅಂಗೈ ಅಗಲ ಹೊಗೆ ಹಿಡಿದ ಕಲೆ ಇದೆ. ಕಳೆದ ವಾರ ಅದು ನಾಣ್ಯದಷ್ಟು ಇತ್ತು.

ಹಿಂದೆ ಏನೇನು ಆಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಫೆಬ್ರವರಿ 18ರಂದು ಮೊದಲ ಸಲ ಫ್ಯಾನ್ ನಿಂತಿತು. 20ರಂದು ಎಲೆಕ್ಟ್ರಿಷಿಯನ್ ಅಣ್ಣ ಬಂದು 2.5 ಮೈಕ್ರೋಫ್ಯಾರಡ್‌ನ ಹೊಸ ಕಂಡೆನ್ಸರ್ ಹಾಕಿದರು. ಒಂಬತ್ತು ದಿನ ಚೆನ್ನಾಗಿ ಓಡಿತು. ಮಾರ್ಚ್ 1ರಂದು ಮತ್ತೆ ಕಿಡಿ ಬಂತು. 3ರಂದು ಬಂದು ರೆಗ್ಯುಲೇಟರ್ ಬದಲಾಯಿಸಿದರು. ಒಂದು ವಾರವಾಗುವಷ್ಟರಲ್ಲಿ ನಿನ್ನೆಯದು.

ಅವರ ಮೇಲೆ ನನ್ನ ದೂರು ಇಲ್ಲ ಮೇಡಂ. ಎರಡು ಸಲವೂ ಕರೆದ ಎರಡೇ ದಿನದಲ್ಲಿ ಬಂದರು. ಆದರೆ ಎರಡು ಸಲವೂ ಏಣಿ ಸಿಗಲಿಲ್ಲ. ಸ್ಟೋರ್ ರೂಮಿಗೆ ಬೀಗ ಹಾಕಿತ್ತು. ನಮ್ಮ ಓದುವ ಮೇಜಿನ ಮೇಲೆ ನಿಂತೇ ಕೆಲಸ ಮಾಡಿದರು. ಮೇಜಿನ ಮೇಲೆ ನಿಂತರೆ ಮೋಟರ್ ಹತ್ತಿರದ ಕೆಳಗಿನ ಕಪ್ ಸಿಗುತ್ತದೆ, ಕಂಡೆನ್ಸರ್ ಅಲ್ಲೇ ಇರುತ್ತದೆ. ಚಾವಣಿಗೆ ಅಂಟಿಕೊಂಡಿರುವ ಮೇಲಿನ ಕಪ್ಪಿಗೆ ಕೈ ಎಟುಕುವುದಿಲ್ಲ. ಅದರ ಸ್ಕ್ರೂ ಕೂಡ ತುಕ್ಕು ಹಿಡಿದಿದೆ. "ಮುಂದಿನ ಸಲ ಏಣಿ ತಂದು ನೋಡೋಣಮ್ಮ" ಅಂತ ಅವರೇ ಹೇಳಿದ್ದರು. ಹಾಗಾಗಿ ಕಿಡಿ ಬರುವ ಜಾಗವನ್ನು ಇವತ್ತಿನವರೆಗೂ ಯಾರೂ ಬಿಚ್ಚಿ ನೋಡಿಯೇ ಇಲ್ಲ.

ಇವತ್ತು ಮಧ್ಯಾಹ್ನ ನಮ್ಮ ಲ್ಯಾಬ್‌ನ ಮೇಷ್ಟ್ರಿಗೆ ಆ ಚೂರು ತೋರಿಸಿ ಕೇಳಿದೆ. ಕಂಡೆನ್ಸರ್ ಹೋದರೆ ಫ್ಯಾನ್ ಸಾಮಾನ್ಯವಾಗಿ ಗುಂಯ್ ಅನ್ನುತ್ತಾ ನಿಂತಿರುತ್ತದೆ ಅಥವಾ ತೀರಾ ನಿಧಾನ ತಿರುಗುತ್ತದೆ, ಕೋಲಿನಿಂದ ರೆಕ್ಕೆ ತಳ್ಳಿದರೆ ಹೊರಡುತ್ತದೆ ಅಂದರು. ನಮ್ಮದು ಹಾಗಲ್ಲ. ನಿಂತಾಗ ಏನೂ ಸದ್ದಿಲ್ಲ. ಅಂದರೆ ಆ ಹೊತ್ತಿಗೆ ಮೋಟರ್‌ಗೆ ಕರೆಂಟೇ ಹೋಗುತ್ತಿಲ್ಲ. ಚಾವಣಿಯ ವೈರೂ ಫ್ಯಾನಿನ ವೈರೂ ಸೇರುವ ಕಡೆ ಸ್ಕ್ರೂ ಸಡಿಲವಾಗಿರಬೇಕು ಅನ್ನುವುದು ಅವರ ಅಂದಾಜು. ಸಡಿಲ ಇರುವ ಕಡೆ ಕರೆಂಟ್ ಸಂದಿ ಹಾರಿ ಕಿಡಿಯಾಗುತ್ತದೆ, ಜಾಗ ಬಿಸಿಯಾಗುತ್ತದೆ, ಹೊದಿಕೆ ಒಣಗಿ ಉದುರುತ್ತದೆ. ಬಿಸಿಯಾಗಿ ತಣ್ಣಗಾಗಿ ಸ್ಕ್ರೂ ಇನ್ನಷ್ಟು ಸಡಿಲ ಆಗುತ್ತದೆ. ಅದಕ್ಕೇ ಇದು ತಾನಾಗಿ ಸರಿಹೋಗುವುದಿಲ್ಲ, ದಿನದಿಂದ ದಿನಕ್ಕೆ ಹೆಚ್ಚುತ್ತಲೇ ಹೋಗುತ್ತದೆ.

ನನಗೆ ಇನ್ನೊಂದು ಅನುಮಾನ ಇತ್ತು. ಇಷ್ಟೆಲ್ಲ ಆದರೂ ಬೋರ್ಡಿನ ಎಂಸಿಬಿ ಯಾಕೆ ಬೀಳಲಿಲ್ಲ? ಬೀಳದೇ ಇದ್ದರೆ ದೊಡ್ಡ ತೊಂದರೆ ಇಲ್ಲ ಅಂತಲೇ ನಾವು ಮೂವರೂ ಅಂದುಕೊಂಡಿದ್ದೆವು. ಅದು ತಪ್ಪು ಅಂತ ಇವತ್ತು ಗೊತ್ತಾಯಿತು. ಎಂಸಿಬಿ ಬೀಳುವುದು ಶಾರ್ಟ್ ಆದಾಗ ಅಥವಾ ಅಳತೆ ಮೀರಿ ಕರೆಂಟ್ ಹರಿದಾಗ. ಇಂಥ ಹಳೇ ಫ್ಯಾನ್ ಎಳೆಯುವುದು ಸುಮಾರು 75 ವ್ಯಾಟ್. ಸಡಿಲ ಜಾಗದಲ್ಲಿ ಕಿಡಿ ಬಂದರೂ ಕರೆಂಟ್ ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಎಂಸಿಬಿಗೆ ಅದು ಎಂದಿನ ಹಾಗೆ ಫ್ಯಾನ್ ಓಡಿದಂತೆಯೇ. ವೈರ್ ಹೊತ್ತಿಕೊಂಡು ಶಾರ್ಟ್ ಆಗುವವರೆಗೂ ಅದು ಸುಮ್ನೆ ಇದ್ದುಬಿಡಬಹುದು. ನಮ್ಮ ಮಹಡಿಯ ಹುಡುಗಿಯರಿಗೆಲ್ಲ ಇದನ್ನು ಹೇಳಿದ್ದೇನೆ.

ಇನ್ನೂ ಒಂದು ವಿಷಯ ಇದೆ. ಫ್ಯಾನ್ ಜೋರಾಗಿ ಓಡುವಾಗ ರಾಡ್ ಸಮೇತ ಅಲ್ಲಾಡುತ್ತದೆ. ಅದು 1200 ಮಿಲಿಮೀಟರ್ ಫ್ಯಾನ್, ತೂಕ ಮೂರು ನಾಲ್ಕು ಕಿಲೋ ಆದರೂ ಇರುತ್ತದೆ. ಅದನ್ನು ಚಾವಣಿಯ ಕೊಕ್ಕೆಗೆ ಹಿಡಿದಿರುವುದು ಒಂದು ಬೋಲ್ಟು, ಒಂದು ರಬ್ಬರು. ಬೋಲ್ಟು ಜಾರದ ಹಾಗೆ ಒಂದು ಸ್ಪ್ಲಿಟ್ ಪಿನ್. ಅವೆಲ್ಲ ಇರುವುದೂ ಅದೇ ಮೇಲಿನ ಕಪ್ಪಿನ ಒಳಗೇ. ಕಪ್ ಬಿಚ್ಚಿದಾಗ ಅವನ್ನೂ ಒಂದು ಸಲ ನೋಡಲು ಹೇಳಿ ಮೇಡಂ.

ಮಧ್ಯದ ಮಂಚದವಳು ನೇರ ಆ ಫ್ಯಾನ್ ಕೆಳಗೇ ಮಲಗುತ್ತಿದ್ದಳು. ನಿನ್ನೆ ರಾತ್ರಿಯೇ ಮೂರೂ ಮಂಚಗಳನ್ನು ಎಳೆದು ಗೋಡೆಗೆ ಸೇರಿಸಿದೆವು. ಈಗ ಎರಡು ಬೀರುಗಳ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಕೈ ತೂರಿಸಿ ಬಟ್ಟೆ ತೆಗೆಯುತ್ತಿದ್ದೇವೆ. ಸೆಕೆಗೆ ಅವಳಿಗೆ ನಿದ್ದೆಯೇ ಬರಲಿಲ್ಲ. ಪಕ್ಕದ ಕೊಠಡಿಯವರು ಪಾಪ, ತಮ್ಮ ಟೇಬಲ್ ಫ್ಯಾನ್ ಕೊಡುತ್ತೇವೆ, ಅವರ ಕಡೆಯಿಂದಲೇ ಎಕ್ಸ್‌ಟೆನ್ಶನ್ ಎಳೆದುಕೊಳ್ಳಿ ಅಂದರು. ಬಾಗಿಲ ಸಂದಿಯಲ್ಲಿ ವೈರ್ ಸಿಕ್ಕಿ ಜಜ್ಜಿಹೋದರೆ ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಂಡ ಹಾಗೆ ಆಗುತ್ತದೆ. ಅದಕ್ಕೇ ಬೇಡ ಅಂದೆವು.

ನಮ್ಮ ಮುಖ್ಯ ಕೋರಿಕೆ ಒಂದೇ. ಈ ಸಲ ಮೇಲಿನ ಕಪ್ಪನ್ನು ಬಿಚ್ಚಿಸಿ. ಸ್ಟೋರ್ ರೂಮಿನ ಬೀಗ ತೆಗೆಸಿ ಏಣಿ ಕೊಡಿಸಿ. ಸುಟ್ಟ ವೈರಿಗೆ ಟೇಪ್ ಸುತ್ತಿ ಬಿಡುವುದು ಬೇಡ, ಸುಟ್ಟಷ್ಟನ್ನು ಕತ್ತರಿಸಿ ತೆಗೆದು ಹೊಸ ಕನೆಕ್ಟರ್ ಹಾಕಬೇಕು. ಮೋಟರ್ ಒಳಗೂ ಸುಟ್ಟಿದೆ ಅಂತ ಅವರಿಗೆ ಅನ್ನಿಸಿದರೆ ದಯವಿಟ್ಟು ಫ್ಯಾನನ್ನೇ ಬದಲಾಯಿಸಿಕೊಡಿ. ಕೆಲಸ ಹಗಲಲ್ಲಿ, ಮಹಡಿಯ ಎಂಸಿಬಿ ಇಳಿಸಿ ನಡೆಯಲಿ. ಕಟ್ಟಡದ ವೈರಿಂಗ್ ಹಳೆಯದು. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿದ್ದರೆ, ಸ್ವಿಚ್ ಆಫ್ ಇದ್ದರೂ ಮೇಲೆ ಕರೆಂಟ್ ಇರುತ್ತದೆ ಅಂತ ಮೇಷ್ಟ್ರು ಎರಡೆರಡು ಸಲ ಎಚ್ಚರಿಸಿದರು. ಏಣಿ ಮೇಲೆ ನಿಂತವರಿಗೆ ಏನೂ ಆಗಬಾರದು.

ನಮ್ಮ ಪರೀಕ್ಷೆ 17ರ ಸೋಮವಾರ ಶುರು. ಅದಕ್ಕೆ ಮೊದಲು ಆದರೆ ತುಂಬಾ ಉಪಕಾರ. ರಿಪೇರಿ ಆಗುವವರೆಗೆ ರಾತ್ರಿ ಕೆಳಗಿನ ಸ್ಟಡಿ ಹಾಲ್‌ನಲ್ಲಿ ಮಲಗಲು ನಮಗೆ ಮೂವರಿಗೂ ಅನುಮತಿ ಕೊಡಿ. ಹಾಸಿಗೆ ನಾವೇ ತಂದು, ಬೆಳಿಗ್ಗೆ ಆರಕ್ಕೆ ಓದುವವರು ಬರುವ ಮೊದಲೇ ಎತ್ತಿಕೊಂಡು ಹೋಗುತ್ತೇವೆ. ಅದು ಆಗದಿದ್ದರೆ ಆಫೀಸಿನಲ್ಲಿ ಇರುವ ಸ್ಟ್ಯಾಂಡ್ ಫ್ಯಾನನ್ನು ರಾತ್ರಿ ಹೊತ್ತು ಮಾತ್ರ ಕೊಟ್ಟರೂ ಸಾಕು. ನಮ್ಮ ಕೊಠಡಿಯ ಪ್ಲಗ್ ಪಾಯಿಂಟ್ ಸರಿಯಾಗಿದೆ.

212ರಲ್ಲೂ ಟಿಕ್ ಟಿಕ್ ಸದ್ದು ಬರುತ್ತದೆ ಅಂತ ಅಲ್ಲಿನವರು ಇವತ್ತು ಹೇಳಿದರು. ಕಿಡಿ ಕಂಡಿಲ್ಲವಂತೆ. ಆದರೂ ಏಣಿ ಮೇಲೆ ಬಂದ ದಿನವೇ ಅದನ್ನೂ ಬಿಚ್ಚಿ ನೋಡಿದರೆ ಒಳ್ಳೆಯದು. ಅವರು ಪುಸ್ತಕದಲ್ಲಿ ಬರೆಯಲು ಹಿಂಜರಿಯುತ್ತಿದ್ದಾರೆ, ಅದಕ್ಕೇ ಅವರನ್ನು ಕೇಳಿಯೇ ನಾನು ಇಲ್ಲಿ ಬರೆದಿದ್ದೇನೆ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾವು ಕ್ಲಾಸಿಗೆ ಹೊರಡುತ್ತೇವೆ. ಕೊಠಡಿಯ ಕೀ ಆಫೀಸಿನಲ್ಲಿ ಕೊಟ್ಟು ಹೋಗುತ್ತೇವೆ. ಫ್ಯಾನ್ ಕೆಳಗೆ ಏನೂ ಇಲ್ಲದ ಹಾಗೆ ಜಾಗ ಖಾಲಿ ಮಾಡಿದ್ದೇವೆ, ಏಣಿ ಇಡಲು ತೊಂದರೆ ಆಗುವುದಿಲ್ಲ. ನನಗೆ 12ರಿಂದ 2 ಗಂಟೆವರೆಗೆ ಬಿಡುವಿದೆ. ಆ ಹೊತ್ತಿಗೆ ಎಲೆಕ್ಟ್ರಿಷಿಯನ್ ಅಣ್ಣ ಬಂದರೆ ಕಿಡಿ ಎಲ್ಲಿ ಬಂತು ಅಂತ ನಾನೇ ನಿಂತು ತೋರಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ
ಕೊಠಡಿ 214, ಕಿಟಕಿ ಪಕ್ಕದ ಮಂಚ
(ಕೊಠಡಿಯ ಇನ್ನಿಬ್ಬರೂ ಪತ್ರ ಓದಿ, ಹಿಂಬದಿಯಲ್ಲಿ ಸಹಿ ಹಾಕಿದ್ದಾರೆ.)

ಜೊತೆಗೆ: ಕಾಗದದಲ್ಲಿ ಮಡಚಿದ ಸುಟ್ಟ ವೈರಿನ ಹೊದಿಕೆ, ಚಾವಣಿಯ ಕಲೆಯ ಎರಡು ಫೋಟೋ, ಒಂದು ಮಾರ್ಚ್ 3ರದ್ದು, ಒಂದು ಇವತ್ತಿನದು.