ತೊಗರಿ ಹೊಲದಾಗ ಎರಡು ದಿನ: ಕಮಲಾಪುರ ತಾಲ್ಲೂಕಿನ ನಮ್ಮ ಹೊಲಮನೆ

ಕಲಬುರಗಿಯಿಂದ ಹುಮ್ನಾಬಾದ್ ರಸ್ತೆ ಹಿಡಿದರೆ ಕಮಲಾಪುರ ಬರುತ್ತದೆ. ಅಲ್ಲಿಂದ 9 ಕಿ.ಮೀ. ಒಳಗೆ ನಮ್ಮ 14 ಎಕರೆ ಹೊಲ. 8 ಎಕರೆ ತೊಗರಿ, 3 ಎಕರೆ ಬಿಳಿಜೋಳ, 2 ಎಕರೆ ಕಡಲೆ. ಉಳಿದ ಒಂದು ಎಕರೆಯಲ್ಲಿ ಮನೆ, ಕೊಟ್ಟಿಗೆ, ಕಣ, ಕಾಯಿಪಲ್ಯದ ಮಡಿ. ಒಕ್ಕಲುತನವೇ ನಮ್ಮ ಕಸುಬು, ಅತಿಥಿಗಳು ಅದರ ಜೊತೆಗೆ. ಹಾಗಾಗಿ ನೀವು ಬಂದ ದಿನ ಹೊಲದಲ್ಲಿ ಯಾವ ಕೆಲಸ ನಡೆದಿದೆಯೋ ಅದನ್ನೇ ನೋಡುತ್ತೀರಿ, ಮಾಡುತ್ತೀರಿ. ನಿಮಗಾಗಿ ಬೇರೆ ಪ್ರದರ್ಶನ ಇಡುವುದಿಲ್ಲ.

ಯಾವಾಗ ಬರಬೇಕು ಎಂಬುದೇ ಮೊದಲ ಪ್ರಶ್ನೆ. ಜೂನ್ ಕೊನೆ, ಜುಲೈ ಅಂದರೆ ತೊಗರಿ ಬಿತ್ತನೆ. ಬಿತ್ತಿ 45–50 ದಿನಕ್ಕೆ ಗಿಡದ ಕುಡಿ ಚಿವುಟುತ್ತೇವೆ. ಕುಡಿ ಹೋದರೆ ಪಕ್ಕದ ಟೊಂಗೆ ಒಡೆಯುತ್ತವೆ, ಟೊಂಗೆ ಹೆಚ್ಚಾದಷ್ಟು ಕಾಯಿ ಹೆಚ್ಚು. ಎಂಟು ವರ್ಷದ ಮಗುವೂ ಕಲಿಯುವ ಕೆಲಸ ಇದು: ತುದಿಯ ಎರಡು ಇಂಚು ಸಾಕು, ಅದಕ್ಕಿಂತ ಕೆಳಗೆ ಕೈ ಹಾಕಬಾರದು. ಅಕ್ಟೋಬರ್, ನವೆಂಬರಿನಲ್ಲಿ ಹೊಲವೆಲ್ಲ ಹಳದಿ ಹೂ. ಆದರೆ ಕಾಯಿಕೊರಕ ಹುಳ ಬೀಳುವ ಕಾಲವೂ ಅದೇ. ಔಷಧಿ ಹೊಡೆದ ಹೊಲಕ್ಕೆ ಒಂದು ವಾರ ಯಾರನ್ನೂ ಇಳಿಸುವುದಿಲ್ಲ, ಆ ತುಂಡಿನ ಹಸಿ ಕಾಯಿಯನ್ನೂ ಕೊಡುವುದಿಲ್ಲ. ನಿಮ್ಮ ದಿನ ಹಾಗೆ ಬಿದ್ದರೆ ಮೊದಲೇ ಹೇಳುತ್ತೇವೆ.

ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಬಂದರೆ ಎಲ್ಲವೂ ಸಿಗುತ್ತದೆ: ತೊಗರಿ ಕೊಯ್ಲು, ರಾಶಿ, ಹಸಿ ಕಡಲೆ, ಸೀತನಿ. ಜೋಳದ ಎಳೆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ, ಹಿಂಡಿ ಅಂದರೆ ಶೇಂಗಾ ಚಟ್ನಿಪುಡಿ, ಬೆಲ್ಲ, ಕೆನೆಮೊಸರಿನ ಜೊತೆ ತಿನ್ನುವುದು ಸೀತನಿ. ಕಾಳು ಹಾಲು ತುಂಬಿ ಇನ್ನೂ ಗಟ್ಟಿಯಾಗದ ಕೆಲವೇ ದಿನ ಇದು ಸಾಧ್ಯ. ಬಿತ್ತನೆ ಹಿಂದೆ ಮುಂದೆ ಆದರೆ ಆ ದಿನಗಳೂ ಸರಿಯುತ್ತವೆ, ಆದ್ದರಿಂದ ತಾರೀಖು ಹಿಡಿದು ಮಾತು ಕೊಡುವುದಿಲ್ಲ. ಎಳ್ಳಮವಾಸಿಯಂದು ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುತ್ತೇವೆ. ಅಂದು ನಮ್ಮ ಬೀಗರು, ಬಂಧುಗಳೇ ಬಂದಿರುತ್ತಾರೆ, ಹೊರಗಿನ ಒಂದೇ ಕುಟುಂಬಕ್ಕೆ ಜಾಗ. ಮಾರ್ಚ್ ಕೊನೆಯಿಂದ ಜೂನ್ ನಡುವಿನವರೆಗೆ ಬಾಗಿಲು ಹಾಕಿರುತ್ತದೆ. 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ಬೆಳೆಯೇ ಇಲ್ಲದ ಹೊಲದಲ್ಲಿ ಮಕ್ಕಳಿಗೆ ತೋರಿಸುವಂಥದ್ದು ಏನೂ ಇರುವುದಿಲ್ಲ.

ಮಲಗಲು ಮೂರು ಕೋಣೆ. ಕಲ್ಲಿನ ಗೋಡೆ, ಶಾಬಾದ್ ಕಲ್ಲಿನ ನೆಲ, ಪ್ರತಿ ಕೋಣೆಗೆ ಎರಡು ಮಂಚ, ಸೊಳ್ಳೆಪರದೆ, ಫ್ಯಾನು. ಏಸಿ, ಟಿವಿ, ವೈಫೈ ಇಲ್ಲ. ಮೊಬೈಲ್ ಸಿಗ್ನಲ್ ಮಾಳಿಗೆ ಮೇಲೆ ಚೆನ್ನಾಗಿದೆ, ಕೋಣೆಯೊಳಗೆ ಬಂದು ಹೋಗುತ್ತದೆ. ಆಫೀಸಿನ ಕೆಲಸ ಜೊತೆಗೆ ತರಬೇಕೆಂದಿದ್ದರೆ ಈ ಜಾಗ ಆಗುವುದಿಲ್ಲ. ಕರೆಂಟ್ ಹೋದರೆ ಇನ್ವರ್ಟರ್ ಫ್ಯಾನು, ದೀಪಕ್ಕೆ ಸುಮಾರು 4 ತಾಸು ಬರುತ್ತದೆ. ಮೂರು ಕೋಣೆಗೂ ಸೇರಿ ಸಂಡಾಸು ಎರಡು, ಒಂದು ಕಮೋಡ್, ಒಂದು ಕುಕ್ಕರಗಾಲಿನಲ್ಲಿ ಕೂರುವಂಥದ್ದು. ಎರಡೂ ಸಂಡಾಸು ಕೋಣೆಗಳಿಂದ ಹದಿನೈದು ಹೆಜ್ಜೆ ಹೊರಗೆ. ಬಚ್ಚಲ ಹಂಡೆಗೆ ಬೆಳಗ್ಗೆ 6ರಿಂದ 9ರವರೆಗೆ ತೊಗರಿ ಕಟ್ಟಿಗೆಯ ಉರಿ ಇರುತ್ತದೆ, ಬಿಸಿನೀರು ಬೇಕಾದವರು ಅಷ್ಟರಲ್ಲಿ ಸ್ನಾನ ಮುಗಿಸಬೇಕು. ಬೋರಿನ ನೀರು ಗಡಸು. ಸಾಬೂನು ನೊರೆ ಬರುವುದಿಲ್ಲ, ತಲೆಗೂದಲು ಒರಟಾಗುತ್ತದೆ. ಕುಡಿಯಲು 20 ಲೀಟರಿನ ಶುದ್ಧ ನೀರಿನ ಕ್ಯಾನ್ ತರಿಸುತ್ತೇವೆ.

ಊಟ ನಮ್ಮ ಮನೆಯದೇ, ಸಸ್ಯಾಹಾರ ಮಾತ್ರ. ಮುಂಜಾನೆ ಮಂಡಕ್ಕಿಯ ಸುಸಲಾ ಅಥವಾ ಉಪ್ಪಿಟ್ಟು. ಮಧ್ಯಾಹ್ನ, ರಾತ್ರಿ ರೊಟ್ಟಿ, ಪುಂಡಿಪಲ್ಯ ಇಲ್ಲವೆ ಆ ದಿನದ ಕಾಯಿಪಲ್ಯ, ತೊಗರಿಬ್ಯಾಳಿ, ಹಿಂಡಿ, ಮೊಸರು, ಅನ್ನ. ಖಾರ ಜೋರು. ಮಕ್ಕಳಿಗೆ ಖಾರವಿಲ್ಲದ ಬ್ಯಾಳಿ ಬೇಕಿದ್ದರೆ ಅಡುಗೆಗೆ ಮೊದಲೇ ಹೇಳಿ.

ರೊಟ್ಟಿ ಬಡಿಯುವುದನ್ನು ಕಲಿಯಬೇಕೆಂದು ಬರುವವರೇ ಹೆಚ್ಚು. ಸಂಜೆ 6ಕ್ಕೆ ಒಲೆ ಹೊತ್ತುತ್ತದೆ. ಹಿಟ್ಟು ಬೀಸಿ ವಾರದೊಳಗಿನದೇ ಇರಬೇಕು, ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ. ಜೋಳದ ಹಿಟ್ಟಿಗೆ ಗೋಧಿಯಂತೆ ತಾನಾಗಿ ಎಳೆ ಹಿಡಿಯುವ ಗುಣ ಇಲ್ಲ. ಕುದಿಯುವ ಎಸರು ಹಾಕಿದಾಗಲೇ ಅಂಟು ಬರುವುದು. ಪರಾತದಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಹೊಯ್ದು, ಮೊದಲು ಚಮಚದಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ನಾದಬೇಕು. ಒಂದು ಸಲಕ್ಕೆ ಒಂದು ರೊಟ್ಟಿಯ ಹಿಟ್ಟನ್ನಷ್ಟೇ ನಾದುವುದು ಒಳ್ಳೆಯದು. ಹೊಸಬರು ಎಡವುವುದು ಇಲ್ಲೇ: ನಾದುವುದನ್ನು ಬೇಗ ನಿಲ್ಲಿಸುತ್ತಾರೆ, ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಆ ನೀರು ಪೂರ್ತಿ ಆರುವ ಮೊದಲೇ ತಿರುವಬೇಕು. ತಡವಾದರೆ ರೊಟ್ಟಿ ಉಬ್ಬುವುದಿಲ್ಲ. ಮೊದಲ ನಾಲ್ಕೈದು ರೊಟ್ಟಿ ನಕ್ಷೆಯಂತೆಯೇ ಬರುತ್ತವೆ, ಅವನ್ನೂ ತಿನ್ನಲು ಅಡ್ಡಿಯಿಲ್ಲ.

ಕೊಟ್ಟಿಗೆಯಲ್ಲಿ ಎರಡು ದೇವಣಿ ಆಕಳು, ಒಂದು ಜೋಡಿ ಎತ್ತು. ಹಾಲು ಕರೆಯುವುದು ಬೆಳಗ್ಗೆ ಐದೂವರೆಗೆ. ಮೊದಲು ಕರುವನ್ನು ಬಿಟ್ಟು ಕುಡಿಸಿ, ಆಮೇಲೆ ಕರೆಯುತ್ತೇವೆ. ಹೊಸ ಕೈ ತಾಗಿದರೆ ಆಕಳು ಹಾಲು ಬಿಡದೆ ನಿಲ್ಲಬಹುದು. ಹಾಗಾದರೆ ನಾವೇ ಕರೆಯುತ್ತೇವೆ, ಒತ್ತಾಯ ಬೇಡ. ಒಮ್ಮೆಗೆ ಇಬ್ಬರು ಮಕ್ಕಳು ಮಾತ್ರ ಹತ್ತಿರ, ಹಿಂಗಾಲಿನ ಬದಿಗೆ ಯಾರೂ ನಿಲ್ಲಬಾರದು.

ಕಾಲಿಗೆ ಗಟ್ಟಿ ತಳದ ಬೂಟು ಕಡ್ಡಾಯ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ತೊಗರಿಯ ಕೂಳೆ ಮೊಳೆಯಷ್ಟೇ ಚೂಪು, ಹವಾಯಿ ಚಪ್ಪಲಿಯನ್ನು ತೂತು ಮಾಡಿ ಅಂಗಾಲಿಗೆ ಹೋಗುತ್ತದೆ. ರಾಶಿಯ ಹೊಟ್ಟಿನ ಧೂಳಿಗೆ ಮೈ ತುರಿಸುತ್ತದೆ, ಆದ್ದರಿಂದ ತುಂಬುತೋಳಿನ ಹತ್ತಿ ಅಂಗಿ ತನ್ನಿ. ಅಸ್ತಮಾ ಇರುವವರು ರಾಶಿಯ ದಿನ ಕಣದಿಂದ ದೂರವಿರಲೇಬೇಕು. ಹಾವು, ಚೇಳು ಇರುವ ನೆಲ ಇದು: ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ ಹೆಜ್ಜೆ ಇಡಬೇಡಿ, ಬೂಟನ್ನು ಕೊಡವಿ ಹಾಕಿಕೊಳ್ಳಿ, ಕಟ್ಟಿಗೆಯ ಒಟ್ಟಿಲಿಗೆ ಕೈ ಹಾಕಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆ ಕಮಲಾಪುರದಲ್ಲಿ. ರಾತ್ರಿ ಒಂದು ವಾಹನ ಮನೆಯಲ್ಲಿ ಸಿದ್ಧವಿರುತ್ತದೆ.

ಕೃಷಿ ಹೊಂಡದ ಬಗ್ಗೆ ದಯವಿಟ್ಟು ಗಮನವಿಟ್ಟು ಓದಿ. ಪ್ಲಾಸ್ಟಿಕ್ ಹಾಳೆ ಹಾಸಿದ ಅದರ ಇಳಿಜಾರು ಒದ್ದೆಯಾದರೆ ಪಾಚಿಗಟ್ಟಿದ ಕಲ್ಲಿಗಿಂತ ಜಾರುತ್ತದೆ. ಈಜು ಬಲ್ಲ ದೊಡ್ಡವರೂ ಬಿದ್ದರೆ ಹತ್ತಿ ಬರಲಾರರು. ಸುತ್ತ ತಂತಿಬೇಲಿ, ಗೇಟಿಗೆ ಬೀಗ ಇದೆ, ಒಳಗೆ ನಾಲ್ಕು ಕಡೆ ಹಗ್ಗ ಇಳಿಬಿಟ್ಟಿದ್ದೇವೆ. ಆದರೂ ಮಕ್ಕಳ ಮೇಲೆ ಕಣ್ಣಿಡುವುದು ನಿಮ್ಮ ಹೊಣೆ.

ಕೊನೆಯ 800 ಮೀಟರ್ ಎರೆಮಣ್ಣಿನ ದಾರಿ. ಒಂದು ಹದ ಮಳೆ ಬಿದ್ದರೆ ಗಾಲಿಗೆ ಮಣ್ಣು ಮೆತ್ತಿ ಕಾರು ಹೂತು ನಿಲ್ಲುತ್ತದೆ. ಅಂಥ ದಿನ ಕಾರನ್ನು ಡಾಂಬರು ರಸ್ತೆ ಪಕ್ಕದ ನಮ್ಮ ಶೆಡ್ಡಿನಲ್ಲಿ ಬಿಡಿ, ಸಾಮಾನು ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಹೈದರಾಬಾದಿನವರು ಜಹೀರಾಬಾದ್, ಹುಮ್ನಾಬಾದ್ ದಾಟಿ ಬರಬಹುದು. ಬೆಂಗಳೂರಿನವರಿಗೆ ಕಲಬುರಗಿಯವರೆಗೆ ರೈಲೇ ಸುಖ. ಹೋಗುವಾಗ ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿ ನೋಡಿ. ಅಂಗಳವಿಲ್ಲದೆ ಪೂರ್ತಿ ಮುಚ್ಚಿದ ಚಾವಣಿಯ ಇಂಥ ಮಸೀದಿ ಅಪರೂಪ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಕ್ಕರೆ ಬಿಡಬೇಡಿ.

ಊಟ, ವಸತಿ ಸೇರಿ ದೊಡ್ಡವರಿಗೆ ದಿನಕ್ಕೆ 1,400 ರೂಪಾಯಿ, 5ರಿಂದ 12 ವರ್ಷದವರಿಗೆ 700, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಒಂದು ಸಲಕ್ಕೆ 10 ಜನ ಮಾತ್ರ, ಕನಿಷ್ಠ ಎರಡು ರಾತ್ರಿ. ಮುಂಗಡ ಕಾಲುಭಾಗ. 5 ದಿನ ಮೊದಲು ರದ್ದು ಮಾಡಿದರೆ ಪೂರ್ತಿ ವಾಪಸ್. ಮಳೆಯಿಂದ ದಾರಿ ಕಟ್ಟಾದರೆ ಯಾವಾಗ ರದ್ದಾದರೂ ವಾಪಸ್. ಮದ್ಯ, ಧ್ವನಿವರ್ಧಕ ಬೇಡ. ಮನೆಯಲ್ಲಿ ಒಡೆಸಿದ ತೊಗರಿಬೇಳೆ ಫೆಬ್ರವರಿಯ ನಂತರ ಇದ್ದಷ್ಟು ಕಾಲ ಕೊಳ್ಳಬಹುದು, ಒಂದು ಕುಟುಂಬಕ್ಕೆ 10 ಕೆ.ಜಿ.ವರೆಗೆ.