3.4 ಪಿಸಿಎ ಫಲಿತಾಂಶ: ಕಾಸರಗೋಡಿನ ಬಾವಿ ಮತ್ತು ಸುರಂಗಗಳ ನೀರಿನಲ್ಲಿ ಮೂರು ಘಟಕಗಳು

ಮಂಜೇಶ್ವರದಿಂದ ಬದಿಯಡ್ಕದವರೆಗಿನ 58 ಬಾವಿ ಮತ್ತು 14 ಸುರಂಗಗಳಿಂದ ಮಳೆಗಾಲಕ್ಕೆ ಮುಂಚೆ ತೆಗೆದ 72 ಮಾದರಿಗಳ ಮೇಲೆ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್ (ಪಿಸಿಎ) ಮಾಡಲಾಯಿತು. ಲೆಕ್ಕಕ್ಕೆ ತೆಗೆದುಕೊಂಡ ಅಂಶಗಳು 12: ಪಿಎಚ್, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬನೇಟ್, ಸಲ್ಫೇಟ್, ನೈಟ್ರೇಟ್, ಕಬ್ಬಿಣ, ಮ್ಯಾಂಗನೀಸ್ ಮತ್ತು ತಾಮ್ರ. ವಿದ್ಯುತ್ ವಾಹಕತೆ ಮತ್ತು ಒಟ್ಟು ಕರಗಿದ ಲವಣಗಳನ್ನು ಬೇಕೆಂದೇ ಹೊರಗಿಟ್ಟಿದ್ದೇವೆ. ಅವು ಇದೇ ಅಯಾನುಗಳ ಮೊತ್ತ ಅಲ್ವಾ? ಸೇರಿಸಿದ್ದರೆ ಮೊದಲ ಘಟಕ ಸುಮ್ನೆ ಉಬ್ಬುತ್ತಿತ್ತು.

ಪಿಎಚ್ ಬಿಟ್ಟು ಉಳಿದವುಗಳಿಗೆ ಲಾಗ್ ತೆಗೆದು, ಎಲ್ಲ ಅಂಶಗಳನ್ನೂ ಸರಾಸರಿ 0, ವೇರಿಯನ್ಸ್ 1 ಬರುವಂತೆ ಸರಿಹೊಂದಿಸಲಾಯಿತು. ಅಂದರೆ ಇದು ಕೋರಿಲೇಶನ್ ಮ್ಯಾಟ್ರಿಕ್ಸ್ ಮೇಲಿನ ಪಿಸಿಎ. ರೊಟೇಶನ್ ಮಾಡಿಲ್ಲ. ಕೆಎಂಒ ಅಳತೆ 0.71, ಬಾರ್ಟ್‌ಲೆಟ್ ಪರೀಕ್ಷೆಯ ಡಿಗ್ರಿ ಆಫ್ ಫ್ರೀಡಂ 66, p < 0.001.

```r
pca <- prcomp(x, center = TRUE, scale. = TRUE)
eig <- pca$sdev^2
lod <- pca$rotation %*% diag(pca$sdev)
```

ಕೆಳಗೆ ಲೋಡಿಂಗ್ ಎಂದಿರುವುದು `lod` ಸಂಖ್ಯೆಗಳನ್ನು, ಅಂದರೆ ಅಂಶಕ್ಕೂ ಘಟಕಕ್ಕೂ ಇರುವ ಕೋರಿಲೇಶನ್. `rotation` ಅನ್ನು ಹಾಗೇ ಕೊಟ್ಟಿಲ್ಲ.

ಕೋಷ್ಟಕ 4. ಮೊದಲ ಐದು ಘಟಕಗಳು

| ಘಟಕ | ಐಗನ್ ಮೌಲ್ಯ | ವೇರಿಯನ್ಸ್ % | ಒಟ್ಟುಗೂಡಿ % | ಯಾದೃಚ್ಛಿಕ ಮಿತಿ |
|---|---|---|---|---|
| 1 | 4.38 | 36.5 | 36.5 | 1.93 |
| 2 | 2.34 | 19.5 | 56.0 | 1.66 |
| 3 | 1.52 | 12.7 | 68.7 | 1.46 |
| 4 | 1.06 | 8.8 | 77.5 | 1.32 |
| 5 | 0.78 | 6.5 | 84.0 | 1.20 |

*ಯಾದೃಚ್ಛಿಕ ಮಿತಿ: ಇಷ್ಟೇ ಗಾತ್ರದ 1000 ಯಾದೃಚ್ಛಿಕ ದತ್ತಾಂಶಗಳ ಐಗನ್ ಮೌಲ್ಯಗಳ 95ನೇ ಪರ್ಸೆಂಟೈಲ್.*

ಎಷ್ಟು ಘಟಕ ಉಳಿಸಿಕೊಳ್ಳಬೇಕು ಎಂಬಲ್ಲಿ ವಿಧಾನಗಳು ಒಂದೇ ಮಾತು ಹೇಳುವುದಿಲ್ಲ. ಐಗನ್ ಮೌಲ್ಯ 1ಕ್ಕಿಂತ ಜಾಸ್ತಿ ಇರಬೇಕೆಂಬ ಕೈಸರ್ ನಿಯಮದ ಪ್ರಕಾರ ನಾಲ್ಕು. ಸ್ಕ್ರೀ ಪ್ಲಾಟ್‌ನಲ್ಲಿ (ಚಿತ್ರ 5) ಗೆರೆ ಎರಡನೇ ಘಟಕದವರೆಗೆ ಕಡಿದಾಗಿ ಇಳಿಯುತ್ತದೆ. ಆಮೇಲೆ ಬಾಗು ಸ್ಪಷ್ಟವಿಲ್ಲ. ನೋಡುವವರ ಕಣ್ಣಿನ ಮೇಲೆ ಅದು ಎರಡೂ ಆಗಬಹುದು, ನಾಲ್ಕೂ ಆಗಬಹುದು. ಹಾಗಾಗಿ ಪ್ಯಾರಲಲ್ ಅನಾಲಿಸಿಸ್‌ನ ಮಿತಿಯನ್ನೇ ಮಾನದಂಡ ಮಾಡಿಕೊಂಡೆವು. ಮೂರನೆಯದು ಮಿತಿಯನ್ನು ಸ್ವಲ್ಪದರಲ್ಲೇ ದಾಟುತ್ತದೆ, ನಾಲ್ಕನೆಯದು ದಾಟುವುದಿಲ್ಲ. ಮೂರು ಘಟಕ ಉಳಿಸಿಕೊಂಡಿದ್ದೇವೆ. ಅವು ಸೇರಿ ಒಟ್ಟು ವೇರಿಯನ್ಸಿನ 68.7% ವಿವರಿಸುತ್ತವೆ.

ನಾಲ್ಕನೆಯದನ್ನು ಬಿಡಲು ಇನ್ನೊಂದು ಕಾರಣವೂ ಇದೆ. ಅದರಲ್ಲಿ 0.50 ದಾಟಿದ ಲೋಡಿಂಗ್ ಒಂದೇ: ತಾಮ್ರ, 0.81. ಅಡಿಕೆಗೆ ಮದ್ದು ಬಿಡುವ ಊರಿನಲ್ಲಿ ಇದನ್ನು ಬೋರ್ಡೋ ದ್ರಾವಣದ ಘಟಕ ಎಂದು ಕರೆಯುವ ಆಸೆ ಯಾರಿಗೂ ಆಗುತ್ತದೆ. ಆದರೆ 31 ಮಾದರಿಗಳಲ್ಲಿ ತಾಮ್ರ ಪತ್ತೆಮಿತಿಗಿಂತ ಕೆಳಗಿತ್ತು. ಅಲ್ಲೆಲ್ಲ ಮಿತಿಯ ಅರ್ಧವನ್ನು, ಅಂದರೆ ಒಂದೇ ಸಂಖ್ಯೆಯನ್ನು ತುಂಬಿದ್ದೇವೆ. ಹಾಗೆ ತುಂಬಿದ ಅಂಶವೊಂದರ ಮೇಲೆ ಘಟಕ ನಿಲ್ಲಿಸುವುದು ಸರಿಯಲ್ಲ. ತಾಮ್ರ ತೆಗೆದು ಮತ್ತೆ ಲೆಕ್ಕ ಮಾಡಿದಾಗ ನಾಲ್ಕನೇ ಐಗನ್ ಮೌಲ್ಯ 0.84ಕ್ಕೆ ಇಳಿಯಿತು, ಮೊದಲ ಮೂರರ ಗುರುತು ಬದಲಾಗಲಿಲ್ಲ. ತಾಮ್ರದ ವಿಷಯ 3.6ರಲ್ಲಿ ಬೇರೆಯಾಗಿ ಬರುತ್ತದೆ.

ಮೊದಲ ಘಟಕದಲ್ಲಿ ಕ್ಲೋರೈಡ್ (0.94), ಸೋಡಿಯಂ (0.93), ಮೆಗ್ನೀಸಿಯಂ (0.85), ಸಲ್ಫೇಟ್ (0.79) ಒಟ್ಟಿಗಿವೆ. ಕ್ಯಾಲ್ಸಿಯಂ (0.58), ಪೊಟ್ಯಾಸಿಯಂ (0.55) ಹಿಂದೆ ಬರುತ್ತವೆ. ದೊಡ್ಡ ಸ್ಕೋರ್ ಇರುವುದು ಉಪ್ಪಳ, ಕುಂಬಳೆ, ಮೊಗ್ರಾಲಿನ ಅಳಿವೆ ಬದಿಯ ಬಾವಿಗಳಿಗೆ. ಇದನ್ನು ಉಪ್ಪುನೀರಿನ ಪ್ರಭಾವ ಎಂದು ಓದಿದ್ದೇವೆ. 36.5% ಎನ್ನುವುದು ಬಾವಿಗಳ ನಡುವಿನ ವ್ಯತ್ಯಾಸದ ಪಾಲು. ನೀರಿನಲ್ಲಿ ಅಷ್ಟು ಪಾಲು ಸಮುದ್ರದ್ದು ಎಂದಲ್ಲ.

ಎರಡನೆಯದರಲ್ಲಿ ಕಬ್ಬಿಣ (0.74), ಮ್ಯಾಂಗನೀಸ್ (0.71) ಒಂದು ಕಡೆ, ಪಿಎಚ್ (−0.68), ಬೈಕಾರ್ಬನೇಟ್ (−0.57) ಎದುರು ಕಡೆ. ಮುರಕಲ್ಲಿನ ಹುಳಿ ನೀರಿಗೆ ಇದು ಹೊಂದುತ್ತದೆ. ಸುರಂಗಗಳು ಮಾತ್ರ ಇಲ್ಲಿ ಬೇರೆಯಾಗಿ ನಿಂತವು: ಪಿಎಚ್ ಕಮ್ಮಿ, ಆದರೆ ಕಬ್ಬಿಣವೂ ಕಮ್ಮಿ. ಗಾಳಿ ತಾಗುತ್ತಾ ಹರಿಯುವಾಗ ಕಬ್ಬಿಣ ದಾರಿಯಲ್ಲೇ ಕೂತುಬಿಡುತ್ತಿರಬಹುದು. ಇದು ಊಹೆ, ಪಿಸಿಎಯಿಂದ ಸಾಬೀತಾಗುವ ಮಾತಲ್ಲ.

ಮೂರನೆಯದು ನೈಟ್ರೇಟ್ (0.78) ಮತ್ತು ಪೊಟ್ಯಾಸಿಯಂ (0.62). ತೋಟದ ಗೊಬ್ಬರವೋ ಮನೆಯ ಶೌಚದ ಗುಂಡಿಯೋ ಎಂದು ಇಷ್ಟರಿಂದ ಬೇರ್ಪಡಿಸಲಾಗದು, ಎರಡೂ ಇದೇ ಗುರುತು ಬಿಡುತ್ತವೆ. ಹಾಗಾಗಿ ಘಟಕಕ್ಕೆ 'ಗೊಬ್ಬರ' ಎಂಬ ಹೆಸರು ಕೊಟ್ಟಿಲ್ಲ.

ಅತಿ ಉಪ್ಪಿನ ನಾಲ್ಕು ಬಾವಿಗಳನ್ನು ಬಿಟ್ಟು ಮಾಡಿದ ಲೆಕ್ಕದಲ್ಲಿ ಮೊದಲ ಘಟಕದ ಪಾಲು 31.8%ಕ್ಕೆ ಇಳಿದಿದೆ. ಘಟಕಗಳ ಕ್ರಮ ಬದಲಾಗಿಲ್ಲ, ಉಳಿಸಿಕೊಳ್ಳಬೇಕಾದ ಸಂಖ್ಯೆಯೂ ಮೂರೇ.