ಮಂಜಜ್ಜನ ಕಂಬಳಿ ಕೊಪ್ಪೆ

ಪುಟ್ಟೀ, ಇದು ಉಕ್ರೇನ್ ಅನ್ನೋ ದೂರದ ದೇಶದ ಮಕ್ಕಳು ಕೇಳುವ ಕಥೆ. ಅಲ್ಲಿ ಕಾಡಿನ ತುಂಬ ಹಿಮ ಬೀಳುತ್ತದೆ, ಒಬ್ಬ ಅಜ್ಜನ ಕೈಗವಸು ದಾರಿಯಲ್ಲಿ ಬಿದ್ದುಹೋಗುತ್ತದೆ. ನಮ್ಮಲ್ಲಿ ಹಿಮ ಎಲ್ಲಿಂದ ತರೋದು? ಮಳೆಯಂತೂ ಬೇಕಾದಷ್ಟಿದೆ. ಅದಕ್ಕೆ ನಮ್ಮ ಅಜ್ಜ ಕಂಬಳಿ ಬೀಳಿಸಿಕೊಳ್ಳುತ್ತಾನೆ. ಸರಿ, ಹೊದ್ದುಕೋ. ಶುರು ಮಾಡೋಣ.

ಆಗುಂಬೆ ಘಟ್ಟದ ಮೇಲೆ ಒಂದು ಸಣ್ಣ ಊರು. ಅಲ್ಲಿ ಮಂಜಜ್ಜ ಅಂತ ಒಬ್ಬ ಅಜ್ಜ. ಅವನ ಹಿಂದೆ ಯಾವಾಗಲೂ ಕಾಳು ಅನ್ನೋ ನಾಯಿ. ಅಜ್ಜನ ಹತ್ತಿರ ಒಂದು ಕರಿ ಕಂಬಳಿ ಇತ್ತು. ಒಂದು ತುದಿ ಮಡಚಿ ತಲೆ ಮೇಲೆ ಹಾಕಿಕೊಂಡರೆ ಅದೇ ಕೊಪ್ಪೆ. ಎಂಥ ಮಳೆ ಬಂದರೂ ಒಳಗೆ ಬೆಚ್ಚಗೆ.

ಅವತ್ತು ಪುನರ್ವಸು ಮಳೆ. ಧೋ ಅಂತ ಸುರಿಯುತ್ತಿತ್ತು. ಗದ್ದೆ ಅಂಚು ಎಲ್ಲಾದರೂ ಒಡೆದಿದೆಯಾ ಅಂತ ನೋಡಲು ಅಜ್ಜ ಕೊಪ್ಪೆ ಹಾಕಿಕೊಂಡು ಹೊರಟ. ಕಾಳುವೂ ಹೊರಟಿತು. ವಾಪಸ್ ಬರುವಾಗ ಮಳೆ ಸ್ವಲ್ಪ ಹೊಳವಾಯಿತು. ಅಜ್ಜ ಕೊಪ್ಪೆ ತೆಗೆದು ಹೆಗಲಿಗೆ ಹಾಕಿಕೊಂಡ. ಕಾಡಿನ ದಾರಿಯಲ್ಲಿ ಕಾಲಿಗೆ ಉಂಬಳ ಹತ್ತಿತು. ಅದನ್ನು ಕಿತ್ತು ಬಿಸಾಡಲು ಬಗ್ಗಿದಾಗ ಕಂಬಳಿ ಸುಮ್ನೆ ಜಾರಿ, ಒಂದು ಮರದ ಮೋಟಿನ ಮೇಲೆ ಬಿತ್ತು. ಅಜ್ಜನಿಗೆ ಗೊತ್ತೇ ಆಗಲಿಲ್ಲ. ಹೋಗೇಬಿಟ್ಟ!

ಮೋಟಿನ ಮೇಲೆ ಬಿದ್ದ ಕಂಬಳಿ ಸುತ್ತಲೂ ಇಳಿಬಿದ್ದು ಒಂದು ಪುಟಾಣಿ ಗುಡಿಸಲಾಯಿತು. ಒಂದು ಕಡೆ ಬಾಗಿಲಿನ ಹಾಗೆ ಸಂದಿ. ಅಷ್ಟರಲ್ಲಿ ಮತ್ತೆ ಪಟಪಟ ಹನಿ ಶುರು.

ಒದ್ದೆ ಬಾಲ ಎಳೆದುಕೊಂಡು ಒಂದು ಇಲಿ ಓಡಿಬಂತು. ಸಂದಿಯಲ್ಲಿ ಮೂಗು ತೂರಿಸಿತು. ಉಣ್ಣೆಯ ವಾಸನೆ, ಅಜ್ಜನ ಎಲೆ ಅಡಿಕೆಯ ವಾಸನೆ. "ಆಹಾ, ಇನ್ನು ಮೇಲೆ ಇದೇ ನನ್ನ ಮನೆ!" ಅಂತ ಒಳಗೆ ಸೇರಿಕೊಂಡಿತು.

ಸ್ವಲ್ಪ ಹೊತ್ತಿಗೆ ಕಪ್ಪೆ ಬಂತು. ಕಪ್ಪೆಗೆ ಮಳೆ ಅಂದ್ರೆ ಇಷ್ಟ ಅಲ್ವಾ? ಆದರೆ ಅವತ್ತು ಹನಿಗಳು ಎಷ್ಟು ದಪ್ಪ ಅಂದ್ರೆ, ಬೆನ್ನ ಮೇಲೆ ಟಪ್ ಟಪ್ ಅಂತ ಬಿದ್ದು ಕಪ್ಪೆಗೂ ಸಾಕಾಗಿತ್ತು.

"ಕಂಬಳಿ ಮನೆ, ಕಂಬಳಿ ಮನೆ, ಒಳಗೆ ಯಾರಿದ್ದೀರಿ?"

"ನಾನು ಕುಟುಕುಟು ಇಲಿ. ನೀನ್ಯಾರು?"

"ನಾನು ವಟವಟ ಕಪ್ಪೆ. ನನಗೂ ಜಾಗ ಇದೆಯಾ?"

"ಓಹೋ, ಬೇಕಾದಷ್ಟಿದೆ. ಬಾ!"

ಈಗ ಇಬ್ಬರಾದರು. ಆಮೇಲೆ ಚಂಗನೆ ಹಾರಿಕೊಂಡು ಮೊಲ ಬಂತು. ಕಿವಿ ಎರಡೂ ತೊಯ್ದು ಜೋತುಬಿದ್ದಿದ್ದವು. ಅದನ್ನು ನೋಡಿದರೆ ಯಾರಿಗೆ ಬೇಡ ಅನ್ನಲು ಮನಸ್ಸು ಬರುತ್ತೆ? ಅದೂ ಒಳಗೆ ಬಂತು. ಮೂವರಾದರು.

ಆಮೇಲೆ ಬಂದದ್ದು ಯಾರು ಗೊತ್ತಾ? ನರಿ!

"ಕಂಬಳಿ ಮನೆ, ಕಂಬಳಿ ಮನೆ, ಒಳಗೆ ಯಾರಿದ್ದೀರಿ?"

ಒಳಗೆ ಎಲ್ಲರೂ ಗಪ್‌ಚುಪ್. ಮೊಲದ ಎದೆ ಢವಢವ. ಕೊನೆಗೆ ಇಲಿಯೇ ಧೈರ್ಯ ಮಾಡಿ ಬಾಯಿಬಿಟ್ಟಿತು.

"ಕುಟುಕುಟು ಇಲಿ, ವಟವಟ ಕಪ್ಪೆ, ಚಂಗ್‌ಚಂಗ್ ಮೊಲ. ನೀನ್ಯಾರು?"

"ನಾನು ಸರಸರ ನರಿ. ತುಂಬಾ ಚಳಿ ಕಣ್ರೋ. ಒಳಗೆ ಬರಲಾ?"

"ಬರಬಹುದು. ಆದ್ರೆ ಮಳೆ ನಿಲ್ಲೋವರೆಗೆ ಯಾರೂ ಯಾರನ್ನೂ ತಿನ್ನೋ ಹಾಗಿಲ್ಲ. ಆಣೆ ಮಾಡು!"

"ನನ್ನ ಬಾಲದಾಣೆ! ಈಗಷ್ಟೇ ಗದ್ದೆಯಲ್ಲಿ ಏಡಿ ತಿಂದು ಬಂದೆ. ಹೊಟ್ಟೆಯಲ್ಲಿ ಜಾಗವೇ ಇಲ್ಲ."

ನರಿ ಒಳಗೆ ಬಂದು ತನ್ನ ದಪ್ಪ ಬಾಲವನ್ನು ಎಲ್ಲರ ಕಾಲ ಮೇಲೆ ಹೊದಿಸಿತು. ಮೊಲ ಮೊದಲು ಒಂದು ಕಣ್ಣು ತೆರೆದೇ ಕೂತಿತ್ತು. ಬೆಚ್ಚಗಾದ ಮೇಲೆ ಅದನ್ನೂ ಮುಚ್ಚಿತು.

ಅಷ್ಟರಲ್ಲಿ ಹೊರಗೆ ಗಲಗಲ ಗಲಗಲ ಸದ್ದು. ಮುಳ್ಳುಹಂದಿ!

"ಕಂಬಳಿ ಮನೆ, ಕಂಬಳಿ ಮನೆ, ಒಳಗೆ ಯಾರಿದ್ದೀರಿ?"

"ಕುಟುಕುಟು ಇಲಿ, ವಟವಟ ಕಪ್ಪೆ, ಚಂಗ್‌ಚಂಗ್ ಮೊಲ, ಸರಸರ ನರಿ. ನೀನ್ಯಾರು?"

"ನಾನು ಗಲಗಲ ಮುಳ್ಳುಹಂದಿ."

"ಅಯ್ಯೋ! ಮುಳ್ಳು ಮಡಚಿಕೊಂಡು ಬಾ ಮಾರಾಯ!"

ಮುಳ್ಳುಹಂದಿ ಪಾಪ, ಉಸಿರು ಬಿಗಿಹಿಡಿದು ಒಂದೊಂದೇ ಮುಳ್ಳನ್ನು ಮೈಗೆ ಅಂಟಿಸಿಕೊಂಡು, ಮೆಲ್ಲಗೆ, ಮೆಲ್ಲಗೆ ಒಳಗೆ ಬಂತು. ಆದರೂ ಒಂದು ಮುಳ್ಳು ನರಿಯ ಮೂಗಿಗೆ ತಾಗೇಬಿಟ್ಟಿತು. "ಆಯ್!" ಅಂತು ನರಿ. "ತಪ್ಪಾಯ್ತು" ಅಂತು ಮುಳ್ಳುಹಂದಿ. ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಕೂತರು. ಕಂಬಳಿ ಹಿಗ್ಗಿತು.

ಆಮೇಲೆ ಗುರುಗುರು ಅನ್ನುತ್ತಾ ಕಾಡುಹಂದಿ ಬಂತು. ಮೈತುಂಬ ಕೆಸರು.

"ಜಾಗ ಇಲ್ಲ!" ಅಂದರು ಎಲ್ಲರೂ.

"ಒಂದೇ ಒಂದು ಮೂಲೆ ಸಾಕು" ಅಂತು ಹಂದಿ.

ಮೂಲೆ ಅಂತ ಕೇಳಿದರೆ ಇಲ್ಲ ಅನ್ನೋದು ಹೇಗೆ? ಮೊಲ ನರಿಯ ಬೆನ್ನೇರಿತು, ಕಪ್ಪೆ ಮೊಲದ ತಲೆಯೇರಿತು, ಇಲಿ ಕಪ್ಪೆಯ ಮೇಲೆ ಹತ್ತಿ ಕೂತಿತು. ಹಂದಿ ಒಳಗೆ ನುಗ್ಗಿತು. ಕಂಬಳಿ ಇನ್ನೂ ಹಿಗ್ಗಿತು, ಇನ್ನೂ ಉಬ್ಬಿತು. ಒಬ್ಬರು ಉಸಿರು ಬಿಟ್ಟರೆ ಮಾತ್ರ ಇನ್ನೊಬ್ಬರು ಉಸಿರು ಎಳೆಯಬಹುದು, ಅಷ್ಟು ಇಕ್ಕಟ್ಟು. ಆದರೆ ಒಬ್ಬರಿಗೂ ಚಳಿ ಇಲ್ಲ!

ಆಗ ನೆಲ ಅದುರಿತು. ಧಡ್. ಧಡ್. ಧಡ್. ಹಲಸಿನ ಹಣ್ಣಿನ ಘಮಘಮ ವಾಸನೆ ಬಂತು. ಯಾರಿರಬಹುದು, ಹೇಳು ನೋಡೋಣ?

"ಕಂಬಳಿ ಮನೆ, ಕಂಬಳಿ ಮನೆ, ಒಳಗೆ ಯಾರಿದ್ದೀರಿ?"

"ಕುಟುಕುಟು ಇಲಿ, ವಟವಟ ಕಪ್ಪೆ, ಚಂಗ್‌ಚಂಗ್ ಮೊಲ, ಸರಸರ ನರಿ, ಗಲಗಲ ಮುಳ್ಳುಹಂದಿ, ಗುರುಗುರು ಕಾಡುಹಂದಿ. ನೀನ್ಯಾರು?"

"ನಾನು ಧಡಧಡ ಕರಡಿ ಮಾವ! ಅಬ್ಬಬ್ಬಾ, ಎಷ್ಟು ಜನ ಇದ್ದೀರ್ರೋ!"

"ಮಾವ, ಖಂಡಿತ ಜಾಗ ಇಲ್ಲ ಮಾವ!"

"ಒತ್ತಿಕೊಂಡು ಕೂತರೆ ಆಗುತ್ತೆ ಬಿಡಿ" ಅಂತು ಕರಡಿ. ಮೊದಲು ತಲೆ ಹಾಕಿತು. ಆಮೇಲೆ ಒಂದು ಕೈ. ಆಮೇಲೆ ಹೊಟ್ಟೆ. ಹೊಟ್ಟೆ ಮಾತ್ರ ಹೋಗಲೇ ಇಲ್ಲ. ಒಳಗಿನವರೆಲ್ಲ ಸೇರಿ "ಐಸಾ!" ಅಂತ ಎಳೆದರು. ಪುಸಕ್! ಕರಡಿ ಮಾವನೂ ಒಳಗೆ. ಕಂಬಳಿಯ ಅಂಚಿನ ಹೊಲಿಗೆ ಚರ್ ಅಂತು, ಆದರೆ ಹರಿಯಲಿಲ್ಲ. ಗಟ್ಟಿ ಕಂಬಳಿ ಕಣೇ ಅದು!

ಇತ್ತ ಮಂಜಜ್ಜ ಮನೆ ಹತ್ತಿರ ಬಂದಿದ್ದ. ಮಳೆ ಜೋರಾಯಿತು. ತಲೆಗೆ ಹಾಕಿಕೊಳ್ಳೋಣ ಅಂತ ಹೆಗಲು ಮುಟ್ಟಿಕೊಂಡರೆ ಕಂಬಳಿ ಎಲ್ಲಿದೆ?

"ಕಾಳೂ, ನನ್ನ ಕೊಪ್ಪೆ ಎಲ್ಲೋ?"

ಕಾಳು ಮೂಗು ನೆಲಕ್ಕೆ ಹಚ್ಚಿ ಬಂದ ದಾರಿಯಲ್ಲೇ ಓಡಿತು. ಅಜ್ಜ ಹಿಂದೆ ಹಿಂದೆ. ನೋಡಿದರೆ, ಮೋಟಿನ ಮೇಲಿದ್ದ ಕಂಬಳಿ ಬಣವೆಯಷ್ಟು ದೊಡ್ಡದಾಗಿದೆ! ಅಷ್ಟೇ ಅಲ್ಲ, ಅಲ್ಲಾಡುತ್ತಿದೆ! ಗೊರಕೆಯೂ ಹೊಡೆಯುತ್ತಿದೆ!

"ಬೌ! ಬೌ! ಬೌ!" ಅಂತು ಕಾಳು.

ಅಷ್ಟೇ ಸಾಕಾಯಿತು. ಕರಡಿ ಎದ್ದು ಓಡಿತು, ಹಂದಿ ಓಡಿತು, ಮುಳ್ಳುಹಂದಿ ಗಲಗಲ ಅಂತ ಓಡಿತು, ನರಿ ಹಳ್ಳ ಹಾರಿತು, ಮೊಲ ಪೊದೆಗೆ ನುಗ್ಗಿತು, ಇಲಿ ಬಿಲಕ್ಕಿಳಿಯಿತು. ಕಂಬಳಿ ಪುಸ್ ಅಂತ ನೆಲಕ್ಕೆ ಕೂತಿತು. ಅಜ್ಜ ಬಾಯಿ ತೆರೆದವನು ಮುಚ್ಚಲೇ ಇಲ್ಲ.

ಮನೆಗೆ ಬಂದ ಮೇಲೆ ಅಜ್ಜಿ ಕಂಬಳಿಯನ್ನು ಬಚ್ಚಲ ಒಲೆಯ ಹತ್ತಿರ ಹರಡಿದಳು.

"ಇದೆಂತ ಮಾರಾಯ್ರೇ, ಕೆಸರು! ಇಲ್ಲೊಂದು ಮುಳ್ಳು, ಇಲ್ಲಿ ಹಲಸಿನ ಮೇಣ! ಬೆಳಿಗ್ಗೆ ಒಬ್ಬರು ಹೊದೆಯೋ ಕಂಬಳಿ ತಗೊಂಡು ಹೋದ್ರಿ, ಇದರಲ್ಲಿ ಈಗ ಮನೆಮಂದಿಯೆಲ್ಲ ಮಲಗಬಹುದಲ್ಲ!"

ಅಜ್ಜ ನಡೆದದ್ದನ್ನೆಲ್ಲ ಹೇಳಿದ. ಅಜ್ಜಿ ನಂಬಲಿಲ್ಲ.

"ಕರಡಿಯಂತೆ, ನರಿಯಂತೆ! ಒಂದೇ ಕಂಬಳಿಯಲ್ಲಂತೆ!" ಅನ್ನುತ್ತಾ ಕಂಬಳಿ ಎತ್ತಿ ಜೋರಾಗಿ ಕೊಡವಿದಳು.

ಕೊಪ್ಪೆಯ ಮಡಿಕೆಯಿಂದ ಏನೋ ಟುಪ್ ಅಂತ ಬಿತ್ತು. ಎಲ್ಲರೂ ಓಡಿದಾಗ ಒಬ್ಬರು ಮಾತ್ರ ಓಡಿರಲಿಲ್ಲ. ಅಲ್ಲೇ ನಿದ್ದೆ ಹೋಗಿದ್ದರು. ಯಾರು ಅಂತ ನಿನಗೆ ಗೊತ್ತಲ್ವಾ?

"ವಟರ್!" ಅಂತು ಕಪ್ಪೆ, ಅಜ್ಜಿಯ ಮುಖ ನೋಡುತ್ತಾ. "ಊಟ ಆಯ್ತಾ?"